ಒಂದೇ ಸೂಚ್ಯಂಕದ ಇಟಿಎಫ್ ಮತ್ತು ಇಂಡೆಕ್ಸ್ ಫಂಡ್: ಟ್ರ್ಯಾಕಿಂಗ್ ಎರರ್ ಲೆಕ್ಕ ಹಾಕಿ ಹೋಲಿಸುವ ಸಮಗ್ರ ಮಾರ್ಗದರ್ಶಿ

ಒಂದೇ ಸೂಚ್ಯಂಕವನ್ನು ಅನುಸರಿಸುವ, ಷೇರಿನಂತೆ ವಿನಿಮಯ ಕೇಂದ್ರದಲ್ಲಿ ವಹಿವಾಟಾಗುವ ಇಟಿಎಫ್ ಮತ್ತು ಸಾಮಾನ್ಯ ಇಂಡೆಕ್ಸ್ ಫಂಡ್‌ಗಳಲ್ಲಿ ಯಾವುದು ಮೇಲು ಎಂದು ಲೆಕ್ಕ ಹಾಕಲು ಹೊರಟ ಅನೇಕ ಓದುಗರು ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ. ಇಟಿಎಫ್‌ನ ಮಾರುಕಟ್ಟೆ ಬೆಲೆಯನ್ನೂ ಇಂಡೆಕ್ಸ್ ಫಂಡ್‌ನ ಎನ್‌ಎವಿಯನ್ನೂ, ಅಂದರೆ ಅದರ ಒಂದು ಯೂನಿಟ್‌ನ ನಿವ್ವಳ ಆಸ್ತಿ ಮೌಲ್ಯವನ್ನೂ, ಪಕ್ಕಪಕ್ಕದಲ್ಲಿಟ್ಟು, ಸೂಚ್ಯಂಕದಿಂದ ಇರುವ ಅಂತರ ಎಷ್ಟು ಏರುಪೇರಾಗುತ್ತದೆಂದು ಹೇಳುವ ಟ್ರ್ಯಾಕಿಂಗ್ ಎರರ್ ಕಂಡುಹಿಡಿಯುತ್ತಾರೆ. ಇಟಿಎಫ್‌ನ ಅಂಕಿ ಹಲವು ಪಟ್ಟು ದೊಡ್ಡದಾಗಿ ಬಂದಾಗ, ಅದರ ನಿರ್ವಹಣೆಯೇ ಸರಿಯಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಲೆಕ್ಕದಲ್ಲಿ ಕೂಡುವ, ಕಳೆಯುವ ತಪ್ಪು ಇರುವುದಿಲ್ಲ. ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಅಳತೆಗೋಲಿನಿಂದ ಅಳೆದಿರುವುದೇ ತಪ್ಪು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮಕ್ಕೆ ಮಹತ್ವವಿದೆ. ಮೊದಲ ಎರಡು ಹಂತಗಳನ್ನು ಬಿಟ್ಟು ನೇರವಾಗಿ ಮೂರನೆಯದಕ್ಕೆ ಹೋದರೆ ಬರುವ ಉತ್ತರವನ್ನು ನಂಬುವಂತಿಲ್ಲ.

## ಬೇಕಾಗುವ ಸಾಮಗ್ರಿ

ಒಂದು ಸ್ಪ್ರೆಡ್‌ಶೀಟ್ ತಂತ್ರಾಂಶ ಸಾಕು. ಮಾಹಿತಿಯಾಗಿ ನಾಲ್ಕು ಸರಣಿಗಳು ಬೇಕು: ಸೂಚ್ಯಂಕದ ಮಟ್ಟ, ಇಂಡೆಕ್ಸ್ ಫಂಡ್‌ನ ಎನ್‌ಎವಿ, ಇಟಿಎಫ್‌ನ ಎನ್‌ಎವಿ ಮತ್ತು ಇಟಿಎಫ್‌ನ ಮುಕ್ತಾಯದ ಮಾರುಕಟ್ಟೆ ಬೆಲೆ. ಸೂಚ್ಯಂಕದ ಮಟ್ಟವನ್ನು ಅದನ್ನು ರೂಪಿಸುವ ಸಂಸ್ಥೆಯೂ, ಎನ್‌ಎವಿಗಳನ್ನು ಫಂಡ್ ಸಂಸ್ಥೆಗಳೂ, ಮುಕ್ತಾಯದ ಬೆಲೆಯನ್ನು ಷೇರು ವಿನಿಮಯ ಕೇಂದ್ರವೂ ಪ್ರಕಟಿಸುತ್ತವೆ. ಮೂರು ವರ್ಷಗಳ ತಿಂಗಳ ಕೊನೆಯ ಅಂಕಿಗಳಿದ್ದರೆ ಲೆಕ್ಕಕ್ಕೆ ತೂಕ ಬರುತ್ತದೆ. 36 ತಿಂಗಳ ಆದಾಯ ತಿಳಿಯಲು ಆರಂಭದ ದಿನದ್ದೂ ಸೇರಿ 37 ಅಂಕಿಗಳು ಬೇಕೆಂಬುದನ್ನು ಮರೆಯಬಾರದು.

## ಹಂತ 1: ಸೂಚ್ಯಂಕದ ಸರಿಯಾದ ರೂಪವನ್ನು ಆರಿಸಿಕೊಳ್ಳಿ

ಒಂದೇ ಹೆಸರಿನ ಸೂಚ್ಯಂಕಕ್ಕೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ರೂಪಗಳಿರುತ್ತವೆ. ಸುದ್ದಿಯಲ್ಲಿ ಪ್ರತಿದಿನ ಕೇಳಿಬರುವುದು ಬೆಲೆ ಸೂಚ್ಯಂಕ. ಅದು ಷೇರುಗಳ ಬೆಲೆಯ ಏರಿಳಿತವನ್ನಷ್ಟೇ ಎಣಿಸುತ್ತದೆ, ಕಂಪನಿಗಳು ಕೊಡುವ ಲಾಭಾಂಶವನ್ನು ಬಿಟ್ಟುಬಿಡುತ್ತದೆ. ಲಾಭಾಂಶವನ್ನು ಮರುಹೂಡಿಕೆ ಮಾಡಿದಂತೆ ಎಣಿಸುವುದು ಟೋಟಲ್ ರಿಟರ್ನ್ ಸೂಚ್ಯಂಕ. ಅದರಲ್ಲಿಯೂ ಲಾಭಾಂಶದ ಮೇಲೆ ಮೂಲದಲ್ಲೇ ಕಡಿತವಾಗುವ ತೆರಿಗೆಯನ್ನು ಕಳೆದು ಲೆಕ್ಕ ಹಾಕುವ ನೆಟ್ ಟೋಟಲ್ ರಿಟರ್ನ್ ಎಂಬ ರೂಪ, ವಿಶೇಷವಾಗಿ ವಿದೇಶಿ ಷೇರುಗಳ ಸೂಚ್ಯಂಕಗಳಲ್ಲಿ, ಇರುತ್ತದೆ.

ಫಂಡ್ ತನಗೆ ಬಂದ ಲಾಭಾಂಶವನ್ನು ತನ್ನ ಆಸ್ತಿಗೇ ಸೇರಿಸಿಕೊಳ್ಳುವುದರಿಂದ ಅದನ್ನು ಟೋಟಲ್ ರಿಟರ್ನ್ ಸೂಚ್ಯಂಕದೊಂದಿಗೇ ಹೋಲಿಸಬೇಕು. ಫಂಡ್‌ನ ದಾಖಲೆಯಲ್ಲಿ ಯಾವ ರೂಪವನ್ನು ಮಾನದಂಡವೆಂದು ಹೇಳಿದೆಯೋ ಅದನ್ನು ಅಕ್ಷರಶಃ ಓದಿ, ಎರಡೂ ಫಂಡ್‌ಗಳ ಮಾನದಂಡ ಒಂದೇ ಎಂದು ಖಚಿತಪಡಿಸಿಕೊಳ್ಳಿ.

ಇಲ್ಲಿ ತಪ್ಪಾಗಿದ್ದರೆ ಅದನ್ನು ಗುರುತಿಸುವುದು ಸುಲಭ. ಖರ್ಚು ವಿಧಿಸುವ ಫಂಡೊಂದು ವರ್ಷದ ಮೇಲೆ ವರ್ಷ ಸೂಚ್ಯಂಕವನ್ನು ಶೇ. 1ಕ್ಕೂ ಹೆಚ್ಚು ಅಂತರದಿಂದ ಮೀರಿಸಿದಂತೆ ಕಂಡರೆ, ಅದು ನಿರ್ವಾಹಕರ ಜಾಣ್ಮೆಯಲ್ಲ. ನೀವು ಬೆಲೆ ಸೂಚ್ಯಂಕವನ್ನು ಎತ್ತಿಕೊಂಡಿದ್ದೀರಿ, ಆ ಅಂತರ ಬಹುಮಟ್ಟಿಗೆ ಲಾಭಾಂಶದ್ದೇ. ಅಂತರ ಚಿಕ್ಕದಾಗಿದ್ದು ಪ್ರತಿವರ್ಷ ಫಂಡ್‌ನ ಪರವಾಗಿಯೇ ಇದ್ದರೆ ಮಾನದಂಡವು ನೆಟ್ ರೂಪದ್ದೇ ಎಂದು ಪರಿಶೀಲಿಸಿ. ತನಗೆ ನಿಜವಾಗಿ ಕಡಿತವಾದ ತೆರಿಗೆ ಸೂಚ್ಯಂಕ ಊಹಿಸಿದ್ದಕ್ಕಿಂತ ಕಡಿಮೆಯಿದ್ದಾಗ ಫಂಡ್ ಈ ರೀತಿ ತುಸು ಮುಂದಿರುವುದುಂಟು.

## ಹಂತ 2: ಅಂಕಿಗಳನ್ನು ಒಂದೇ ದಿನಾಂಕಕ್ಕೆ, ಒಂದೇ ಆಧಾರಕ್ಕೆ ತನ್ನಿ

ಸ್ಪ್ರೆಡ್‌ಶೀಟ್‌ನ A ಕಾಲಂನಲ್ಲಿ ದಿನಾಂಕ, B ಕಾಲಂನಲ್ಲಿ ಸೂಚ್ಯಂಕ, C ಕಾಲಂನಲ್ಲಿ ಇಂಡೆಕ್ಸ್ ಫಂಡ್‌ನ ಎನ್‌ಎವಿ, D ಕಾಲಂನಲ್ಲಿ ಇಟಿಎಫ್‌ನ ಎನ್‌ಎವಿ, E ಕಾಲಂನಲ್ಲಿ ಇಟಿಎಫ್‌ನ ಮುಕ್ತಾಯದ ಬೆಲೆಯನ್ನು ತುಂಬಿ. ಮೊದಲ ಸಾಲು ಶೀರ್ಷಿಕೆಗೆ ಇರಲಿ. ಒಂದು ಸಾಲಿನಲ್ಲಿರುವ ಎಲ್ಲ ಅಂಕಿಗಳೂ ಒಂದೇ ದಿನದ್ದಾಗಿರಬೇಕು. ತಿಂಗಳ ಕೊನೆಯ ದಿನ ರಜೆಯಿದ್ದರೆ, ನಾಲ್ಕೂ ಅಂಕಿಗಳು ಲಭ್ಯವಿರುವ ಅದರ ಹಿಂದಿನ ದಿನವನ್ನು ಎಲ್ಲಕ್ಕೂ ಸಮಾನವಾಗಿ ಬಳಸಿ. ಒಂದೇ ಒಂದು ದಿನ ಹಿಂದುಮುಂದಾದರೂ ಆ ದಿನ ಮಾರುಕಟ್ಟೆ ಎಷ್ಟು ಏರಿತೋ ಇಳಿಯಿತೋ ಅಷ್ಟೂ ಫಂಡ್‌ನ ದೋಷವಾಗಿ ತೋರುತ್ತದೆ.

ದಿನನಿತ್ಯದ ಅಂಕಿಗಳಿಗಿಂತ ತಿಂಗಳ ಅಂಕಿಗಳನ್ನೇ ಬಳಸಿರೆಂದು ನಾನು ಸಲಹೆ ಮಾಡುತ್ತೇನೆ. ಸೂಚ್ಯಂಕದ ಷೇರುಗಳು ಬೇರೊಂದು ದೇಶದಲ್ಲಿ, ಬೇರೊಂದು ಹೊತ್ತಿನಲ್ಲಿ ವಹಿವಾಟಾಗುತ್ತಿದ್ದರೆ, ಅಥವಾ ಫಂಡ್ ಎನ್‌ಎವಿಗೆ ಬಳಸುವ ವಿದೇಶಿ ವಿನಿಮಯ ದರದ ಸಮಯವೂ ಸೂಚ್ಯಂಕದ ದರದ ಸಮಯವೂ ಬೇರೆಯಾಗಿದ್ದರೆ, ಇಂದಿನ ಅಂತರ ನಾಳೆ ತಾನಾಗಿಯೇ ಸರಿಹೋಗುತ್ತದೆ. ದಿನದ ಲೆಕ್ಕದಲ್ಲಿ ಇದು ಭಾರಿ ದೋಷದಂತೆ ಕಾಣುತ್ತದೆ. ತಿಂಗಳ ಲೆಕ್ಕದಲ್ಲಿ ಬಹುಪಾಲು ಅಡಗಿಹೋಗುತ್ತದೆ. ಸಂಸ್ಥೆಗಳು ಪ್ರಕಟಿಸುವ ಟ್ರ್ಯಾಕಿಂಗ್ ಎರರ್ ದಿನದ ಅಂಕಿಗಳಿಂದ ಬಂದಿರಬಹುದು. ಆದ್ದರಿಂದ ಅದನ್ನು ನಿಮ್ಮ ತಿಂಗಳ ಲೆಕ್ಕದ ಎದುರು ಇಟ್ಟು ಹೋಲಿಸಬೇಡಿ.

ಎರಡು ಹೊಂದಾಣಿಕೆಗಳು ಉಳಿಯುತ್ತವೆ. ಇಟಿಎಫ್ ಅಥವಾ ಫಂಡ್ ತನ್ನ ಹೂಡಿಕೆದಾರರಿಗೆ ಲಾಭಾಂಶ ಹಂಚಿದ್ದರೆ ಆ ದಿನ ಎನ್‌ಎವಿ ಅಷ್ಟು ಕುಸಿಯುತ್ತದೆ. ಹಂಚಿದ ಮೊತ್ತವನ್ನು ಅದೇ ದಿನ ಮರುಹೂಡಿದಂತೆ ಸರಿಪಡಿಸಿದ ಸರಣಿಯನ್ನು ಬಳಸಬೇಕು. ಯೂನಿಟ್‌ಗಳನ್ನು ವಿಭಜಿಸಿದ್ದರೂ ಹಾಗೆಯೇ. ಒಂದೇ ತಿಂಗಳಲ್ಲಿ ಎನ್‌ಎವಿ ಹತ್ತನೆಯ ಒಂದು ಭಾಗಕ್ಕೆ ಇಳಿದು ಸೂಚ್ಯಂಕ ಅಲ್ಲಿಯೇ ನಿಂತಿದ್ದರೆ ಅದು ನಷ್ಟವಲ್ಲ, ವಿಭಜನೆ.

## ಹಂತ 3: ಎರಡು ಅಳತೆಗಳನ್ನೂ ಲೆಕ್ಕ ಹಾಕಿ

ಟ್ರ್ಯಾಕಿಂಗ್ ಡಿಫರೆನ್ಸ್ ಎಂದರೆ ಒಂದು ಅವಧಿಯಲ್ಲಿ ಫಂಡ್‌ನ ಆದಾಯವು ಸೂಚ್ಯಂಕದ ಆದಾಯಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ನಿಂತಿತು ಎಂಬ ಅಂತರ. ಟ್ರ್ಯಾಕಿಂಗ್ ಎರರ್ ಎಂದರೆ ಆ ಅಂತರವು ತಿಂಗಳಿಂದ ತಿಂಗಳಿಗೆ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ, ಅಂದರೆ ಮಾಸಿಕ ಅಂತರಗಳ ಮಾನಕ ವಿಚಲನೆ. ಮೊದಲನೆಯದು ನಿಮ್ಮ ಕೈಯಿಂದ ಎಷ್ಟು ಹೋಯಿತೆಂದು ಹೇಳುತ್ತದೆ. ಎರಡನೆಯದು ಹೋಗುವ ರೀತಿ ಎಷ್ಟು ಕ್ರಮಬದ್ಧವಾಗಿದೆಯೆಂದು ಹೇಳುತ್ತದೆ. ಪ್ರತಿ ತಿಂಗಳೂ ತಪ್ಪದೆ ಶೇ. 0.10ರಷ್ಟು ಹಿಂದೆ ಬೀಳುವ ಫಂಡ್‌ನ ಟ್ರ್ಯಾಕಿಂಗ್ ಎರರ್ ಸೊನ್ನೆಯೇ ಆಗಿರುತ್ತದೆ, ಆದರೆ ವರ್ಷಕ್ಕೆ ಸುಮಾರು ಶೇ. 1.2 ಹೋಗಿರುತ್ತದೆ. ಕಡಿಮೆ ಟ್ರ್ಯಾಕಿಂಗ್ ಎರರ್ ಎಂದರೆ ಕಡಿಮೆ ನಷ್ಟ ಎಂದು ಓದುವುದೇ ಈ ವಿಷಯದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು.

ಇಂಡೆಕ್ಸ್ ಫಂಡ್‌ನ ಮಾಸಿಕ ಅಂತರವನ್ನು F3 ಕೋಶದಲ್ಲಿ ಹೀಗೆ ಬರೆದು ಕೆಳಗಿನ ಸಾಲುಗಳಿಗೆ ಎಳೆಯಿರಿ:

```
=(C3/C2-1)-(B3/B2-1)
```

ಇಟಿಎಫ್‌ನ ಎನ್‌ಎವಿಗಾಗಿ G ಕಾಲಂನಲ್ಲಿ C ಬದಲು D ಯನ್ನೂ, ಮಾರುಕಟ್ಟೆ ಬೆಲೆಗಾಗಿ H ಕಾಲಂನಲ್ಲಿ E ಯನ್ನೂ ಬಳಸಿ. 37 ಅಂಕಿಗಳು 2ರಿಂದ 38ನೆಯ ಸಾಲಿನವರೆಗೆ ಇದ್ದರೆ, ವಾರ್ಷಿಕ ಟ್ರ್ಯಾಕಿಂಗ್ ಎರರ್ ಮತ್ತು ವಾರ್ಷಿಕ ಟ್ರ್ಯಾಕಿಂಗ್ ಡಿಫರೆನ್ಸ್ ಕ್ರಮವಾಗಿ ಹೀಗೆ ಸಿಗುತ್ತವೆ:

```
=STDEV.S(F3:F38)*SQRT(12)
=(C38/C2)^(1/3)-(B38/B2)^(1/3)
```

ಮಾಸಿಕ ವಿಚಲನೆಯನ್ನು 12ರ ವರ್ಗಮೂಲದಿಂದ ಗುಣಿಸಬೇಕೇ ಹೊರತು 12ರಿಂದ ಅಲ್ಲ. ದಿನದ ಅಂಕಿಗಳಾದರೆ ವರ್ಷದ ವಹಿವಾಟಿನ ದಿನಗಳ, ಅಂದರೆ ಸಾಮಾನ್ಯವಾಗಿ 252ರ ವರ್ಗಮೂಲವನ್ನು ಬಳಸುವುದು ರೂಢಿ.

## ಹಂತ 4: ಬೆಲೆಯ ಏರುಪೇರನ್ನು ಎನ್‌ಎವಿಯ ಏರುಪೇರಿನಿಂದ ಬೇರ್ಪಡಿಸಿ

ಇಡೀ ಹೋಲಿಕೆಯ ತಿರುಳು ಈ ಹಂತದಲ್ಲಿದೆ. ಇಂಡೆಕ್ಸ್ ಫಂಡ್‌ನಲ್ಲಿ ಹೂಡಿಕೆದಾರ ಕೊಳ್ಳುವುದೂ ಮಾರುವುದೂ ಆ ದಿನದ ಎನ್‌ಎವಿಗೇ. ಇಟಿಎಫ್‌ನಲ್ಲಿ ಆತ ಇನ್ನೊಬ್ಬ ಹೂಡಿಕೆದಾರನಿಂದಲೋ, ಕೊಳ್ಳುವ ಮತ್ತು ಮಾರುವ ಬೆಲೆಗಳನ್ನು ಸದಾ ಮುಂದಿಡುವ ಮಾರ್ಕೆಟ್ ಮೇಕರ್‌ನಿಂದಲೋ ಮಾರುಕಟ್ಟೆಯ ಬೆಲೆಗೆ ಕೊಳ್ಳುತ್ತಾನೆ. ಆ ಬೆಲೆ ಎನ್‌ಎವಿಗಿಂತ ಮೇಲಿದ್ದರೆ ಪ್ರೀಮಿಯಂ, ಕೆಳಗಿದ್ದರೆ ಡಿಸ್ಕೌಂಟ್. ಒಂದು ತಿಂಗಳಲ್ಲಿ ಬೆಲೆಯ ಆಧಾರದ ಅಂತರವು, ಎನ್‌ಎವಿಯ ಅಂತರಕ್ಕೆ ಆ ತಿಂಗಳು ಪ್ರೀಮಿಯಂ ಎಷ್ಟು ಬದಲಾಯಿತೋ ಅದನ್ನು ಕೂಡಿದರೆ ಬರುವಷ್ಟೇ ಹೆಚ್ಚುಕಡಿಮೆ ಆಗಿರುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ಆರು ತಿಂಗಳಿಗೆ ಮಾತ್ರ ಬಿಡಿಸಿ ನೋಡೋಣ. ನಿಜವಾದ ತೀರ್ಮಾನಕ್ಕೆ ಆರು ತಿಂಗಳು ಸಾಲದು, ಆದರೆ ಲೆಕ್ಕದ ನಡೆಯನ್ನು ಕಣ್ಣಿಗೆ ಕಾಣಿಸಲು ಸಾಕು. ಎಲ್ಲ ಅಂಕಿಗಳೂ ಸೂಚ್ಯಂಕಕ್ಕೆ ಹೋಲಿಸಿದ ಅಂತರಗಳು, ಶೇಕಡಾವಾರಿನಲ್ಲಿವೆ. ಆರಂಭದಲ್ಲಿ ಇಟಿಎಫ್‌ನ ಬೆಲೆ ಸರಿಯಾಗಿ ಎನ್‌ಎವಿಯಷ್ಟೇ ಇತ್ತೆಂದು ಇಟ್ಟುಕೊಳ್ಳಿ.

| ತಿಂಗಳು | ಇಂಡೆಕ್ಸ್ ಫಂಡ್ ಎನ್‌ಎವಿ | ಇಟಿಎಫ್ ಎನ್‌ಎವಿ | ತಿಂಗಳ ಕೊನೆಯ ಪ್ರೀಮಿಯಂ | ಇಟಿಎಫ್ ಬೆಲೆ |
|---|---|---|---|---|
| 1 | −0.04 | −0.01 | 0.10 | 0.09 |
| 2 | −0.03 | −0.01 | −0.05 | −0.16 |
| 3 | −0.04 | 0.00 | 0.15 | 0.20 |
| 4 | −0.03 | −0.02 | 0.00 | −0.17 |
| 5 | −0.04 | −0.01 | 0.20 | 0.19 |
| 6 | −0.03 | −0.01 | 0.00 | −0.21 |
| ಒಟ್ಟು | −0.21 | −0.06 | | −0.06 |

ಮೊದಲು ಟ್ರ್ಯಾಕಿಂಗ್ ಎರರ್ ನೋಡಿ. ಇಂಡೆಕ್ಸ್ ಫಂಡ್‌ನದು ವಾರ್ಷಿಕ ಸುಮಾರು ಶೇ. 0.02, ಇಟಿಎಫ್‌ನ ಎನ್‌ಎವಿಯದ್ದೂ ಸುಮಾರು ಶೇ. 0.02. ಆದರೆ ಅದೇ ಇಟಿಎಫ್‌ನ ಬೆಲೆಯಿಂದ ಲೆಕ್ಕ ಹಾಕಿದರೆ ಶೇ. 0.66 ಬರುತ್ತದೆ, ಅಂದರೆ ಮೂವತ್ತು ಪಟ್ಟು ಹೆಚ್ಚು. ಈಗ ಕೊನೆಯ ಸಾಲನ್ನು ನೋಡಿ: ಆರು ತಿಂಗಳ ಒಟ್ಟು ಹಿನ್ನಡೆ ಬೆಲೆಯಲ್ಲೂ ಎನ್‌ಎವಿಯಲ್ಲೂ ಒಂದೇ, ಶೇ. 0.06. ಪ್ರೀಮಿಯಂ ಏರಿದಷ್ಟೇ ಇಳಿದು ಆರಂಭದ ಜಾಗಕ್ಕೆ ಬಂದಿದ್ದರಿಂದ ನಡುವಿನ ಏರುಪೇರು ಯಾರ ಹಣವನ್ನೂ ತೆಗೆದುಕೊಂಡು ಹೋಗಲಿಲ್ಲ. ಮೊದಲ ದಿನ ಕೊಂಡು ಕೊನೆಯ ದಿನ ಮಾರಿದವನಿಗೆ ಅದು ಪರದೆಯ ಮೇಲಿನ ಚಲನೆ ಮಾತ್ರ. ಐದನೆಯ ತಿಂಗಳ ಕೊನೆಗೆ ಕೊಂಡು ಆರನೆಯ ತಿಂಗಳ ಕೊನೆಗೆ ಮಾರಿದವನಿಗೆ ಮಾತ್ರ ಶೇ. 0.20 ನಿಜವಾಗಿಯೂ ಹೋಯಿತು.

ಆದ್ದರಿಂದ ನಿರ್ವಹಣೆಯ ಗುಣಮಟ್ಟವನ್ನು ಎನ್‌ಎವಿಯಿಂದ ಎನ್‌ಎವಿಗೇ ಹೋಲಿಸಬೇಕು. ಬೆಲೆಯನ್ನು ನಿಮ್ಮ ಖರೀದಿಯ ದಿನ ಮತ್ತು ಮಾರಾಟದ ದಿನಗಳ ವೆಚ್ಚವಾಗಿ ಪ್ರತ್ಯೇಕ ಎಣಿಸಬೇಕು. ವಹಿವಾಟು ವಿರಳವಾಗಿರುವ ಇಟಿಎಫ್‌ನಲ್ಲಿ ಮುಕ್ತಾಯದ ಬೆಲೆ ಎಂಬುದು ಹಲವು ಗಂಟೆಗಳ ಹಿಂದೆ ನಡೆದ ಕೊನೆಯ ವಹಿವಾಟಿನ ಬೆಲೆಯೂ ಆಗಿರಬಹುದು; ಅಂಥ ಕಡೆ ಕಾಣುವ ಪ್ರೀಮಿಯಂನಲ್ಲಿ ಒಂದು ಪಾಲು ಕೇವಲ ಸಮಯದ ಅಂತರ.

## ಹಂತ 5: ಹಿನ್ನಡೆಯ ಕಾರಣವನ್ನು ಬಿಡಿಸಿ

ಮೇಲಿನ ಗತಿಯಲ್ಲೇ ವರ್ಷವಿಡೀ ಸಾಗಿದರೆ ಇಂಡೆಕ್ಸ್ ಫಂಡ್ ಸುಮಾರು ಶೇ. 0.42, ಇಟಿಎಫ್ ಸುಮಾರು ಶೇ. 0.12 ಹಿಂದೆ ಬೀಳುತ್ತವೆ. ಈಗ ಪ್ರತಿಯೊಂದರ ವಾರ್ಷಿಕ ಖರ್ಚಿನ ಅನುಪಾತವನ್ನು ಅದರ ಪಕ್ಕದಲ್ಲಿ ಬರೆಯಿರಿ. ಇಂಡೆಕ್ಸ್ ಫಂಡ್‌ನ ಖರ್ಚು ಶೇ. 0.30, ಇಟಿಎಫ್‌ನದು ಶೇ. 0.10 ಎಂದಿಟ್ಟುಕೊಂಡರೆ, ಖರ್ಚಿನಾಚೆಗೆ ಉಳಿಯುವುದು ಕ್ರಮವಾಗಿ ಶೇ. 0.12 ಮತ್ತು ಶೇ. 0.02. ಖರ್ಚನ್ನು ಎನ್‌ಎವಿಯಿಂದ ದಿನದಿನವೂ ಸ್ವಲ್ಪಸ್ವಲ್ಪವಾಗಿ ಕಳೆಯುವುದರಿಂದ ಅದು ಟ್ರ್ಯಾಕಿಂಗ್ ಎರರ್‌ನಲ್ಲಿ ಬಹುಮಟ್ಟಿಗೆ ಕಾಣಿಸಿಕೊಳ್ಳುವುದೇ ಇಲ್ಲ. ಖರ್ಚಿನಾಚೆಗಿನ ಈ ಉಳಿಕೆಯೇ ನಿರ್ವಹಣೆಯ ನಿಜವಾದ ಗುರುತು.

ಇಂಡೆಕ್ಸ್ ಫಂಡ್‌ನಲ್ಲಿ ಉಳಿಕೆ ಹೆಚ್ಚಿರಲು ಅದರ ರಚನೆಯಲ್ಲೇ ಒಂದು ಕಾರಣವಿದೆ. ಹೂಡಿಕೆದಾರರು ನಗದು ತಂದುಕೊಡುತ್ತಾರೆ, ನಗದು ಹಿಂಪಡೆಯುತ್ತಾರೆ. ಹೀಗಾಗಿ ಫಂಡ್ ಒಂದಿಷ್ಟು ನಗದನ್ನು ಸದಾ ಕೈಯಲ್ಲಿ ಇಟ್ಟುಕೊಳ್ಳಬೇಕು, ಬಂದ ಹಣಕ್ಕೆ ಷೇರು ಕೊಳ್ಳುವಾಗಿನ ವೆಚ್ಚವನ್ನೂ ಭರಿಸಬೇಕು. ಆ ವೆಚ್ಚ ಈಗಾಗಲೇ ಒಳಗಿರುವ ಹೂಡಿಕೆದಾರರೆಲ್ಲರ ಮೇಲೂ ಹಂಚಿಹೋಗುತ್ತದೆ. ಸೂಚ್ಯಂಕ ಶೇ. 20 ಏರಿದ ವರ್ಷದಲ್ಲಿ ಶೇ. 1ರಷ್ಟು ಆಸ್ತಿ ಬಡ್ಡಿಯಿಲ್ಲದ ನಗದಾಗಿ ಉಳಿದಿದ್ದರೆ ಅದರಿಂದಲೇ ಸುಮಾರು ಶೇ. 0.20 ಹಿಂದೆ ಬೀಳುತ್ತದೆ. ಸೂಚ್ಯಂಕ ಇಳಿದ ವರ್ಷದಲ್ಲಿ ಅದೇ ನಗದು ಫಂಡ್ ಅನ್ನು ಮುಂದೆ ತೋರಿಸುತ್ತದೆ. ಏರುವ ತಿಂಗಳುಗಳಲ್ಲಿ ಹಿಂದೆ, ಇಳಿಯುವ ತಿಂಗಳುಗಳಲ್ಲಿ ಮುಂದೆ ಎಂಬ ನಮೂನೆ F ಕಾಲಂನಲ್ಲಿ ಕಂಡರೆ ಕಾರಣ ನಗದೇ ಎಂದು ಬಹುಮಟ್ಟಿಗೆ ಹೇಳಬಹುದು.

ಇಟಿಎಫ್‌ನಲ್ಲಿ ಹೊಸ ಯೂನಿಟ್‌ಗಳು ದೊಡ್ಡ ಗಂಟುಗಳಲ್ಲಿ ಸೃಷ್ಟಿಯಾಗುತ್ತವೆ. ಅಧಿಕೃತ ಭಾಗೀದಾರ ಸಂಸ್ಥೆಯೊಂದು ಸೂಚ್ಯಂಕದ ಷೇರುಗಳ ಬುಟ್ಟಿಯನ್ನು ಅಥವಾ ಅದರ ಮೌಲ್ಯದ ನಗದನ್ನು ಕೊಟ್ಟು ಯೂನಿಟ್‌ಗಳನ್ನು ಪಡೆಯುತ್ತದೆ, ವಹಿವಾಟಿನ ವೆಚ್ಚವೂ ಸಾಮಾನ್ಯವಾಗಿ ಅದರದೇ. ಒಳಗೆ ಕುಳಿತ ಹೂಡಿಕೆದಾರರಿಗೆ ಬೇರೆಯವರ ಬರಹೋಗುವಿಕೆಯ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಆ ವೆಚ್ಚ ಮಾಯವಾಗಿರುವುದಿಲ್ಲ. ಅದು ಮುಂದಿನ ಹಂತದಲ್ಲಿ ಬರುವ, ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರವಾದ ಸ್ಪ್ರೆಡ್‌ನೊಳಗೆ ಸೇರಿಕೊಂಡು ಕೊಳ್ಳುವವನ ತಲೆಯ ಮೇಲೆ ಬಂದಿರುತ್ತದೆ.

## ಹಂತ 6: ಒಳಗೆ ಹೋಗುವ, ಹೊರಗೆ ಬರುವ ವೆಚ್ಚವನ್ನು ಅಳೆಯಿರಿ

ಮಾರುಕಟ್ಟೆ ತೆರೆದಿರುವಾಗ ಇಟಿಎಫ್‌ನ ಅತ್ಯುತ್ತಮ ಬಿಡ್ ಮತ್ತು ಆಸ್ಕ್ ಬೆಲೆಗಳನ್ನು, ಅಂದರೆ ಕೊಳ್ಳುವವರು ಕೊಡಲೊಪ್ಪುವ ಮತ್ತು ಮಾರುವವರು ಕೇಳುವ ಬೆಲೆಗಳನ್ನು, ದಿನದ ನಡುವೆ, ಬೇರೆ ಬೇರೆ ದಿನಗಳಲ್ಲಿ ಬರೆದಿಟ್ಟುಕೊಳ್ಳಿ. ಎರಡರ ವ್ಯತ್ಯಾಸವನ್ನು ಅವುಗಳ ಮಧ್ಯದ ಬೆಲೆಯಿಂದ ಭಾಗಿಸಿದರೆ ಸ್ಪ್ರೆಡ್ ಸಿಗುತ್ತದೆ. ಕೊಳ್ಳುವಾಗ ಅದರ ಅರ್ಧ, ಮಾರುವಾಗ ಇನ್ನರ್ಧ ನಿಮ್ಮ ವೆಚ್ಚ. ಬಿಡ್ ಮತ್ತು ಆಸ್ಕ್‌ನ ಎದುರು ಎಷ್ಟು ಯೂನಿಟ್‌ಗಳಿವೆಯೆಂದೂ ನೋಡಿ. ನಿಮ್ಮ ಆರ್ಡರ್ ಅದಕ್ಕಿಂತ ದೊಡ್ಡದಾಗಿದ್ದರೆ ಮುಂದಿನ, ಇನ್ನೂ ದುಬಾರಿ ಬೆಲೆಗಳಿಗೆ ಅದು ಏರಿಹೋಗುತ್ತದೆ.

ದಿನದ ನಡುವೆ ಪ್ರಕಟವಾಗುವ ಅಂದಾಜು ಎನ್‌ಎವಿಗೆ ಐಎನ್‌ಎವಿ ಎನ್ನುತ್ತಾರೆ. ಬಿಡ್-ಆಸ್ಕ್‌ಗಳ ಮಧ್ಯದ ಬೆಲೆಯನ್ನು ಇದರೊಂದಿಗೆ ಹೋಲಿಸಿದರೆ ಆ ಕ್ಷಣದ ಪ್ರೀಮಿಯಂ ಗೊತ್ತಾಗುತ್ತದೆ. ಪ್ರೀಮಿಯಂ ಅನ್ನು ಮಧ್ಯದ ಬೆಲೆಯಿಂದಲೇ ಅಳೆಯಬೇಕು. ಆಸ್ಕ್‌ನಿಂದ ಅಳೆದು ಮತ್ತೆ ಅರ್ಧ ಸ್ಪ್ರೆಡ್ ಕೂಡಿದರೆ ಒಂದೇ ವೆಚ್ಚವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಸೂಚ್ಯಂಕದ ಷೇರುಗಳ ಮೂಲ ಮಾರುಕಟ್ಟೆ ಆ ಹೊತ್ತಿನಲ್ಲಿ ಮುಚ್ಚಿದ್ದರೆ ಐಎನ್‌ಎವಿ ಹಳೆಯ ಬೆಲೆಗಳನ್ನೇ ಹೊತ್ತಿರಬಹುದು, ಆಗ ಅದರೆದುರು ಕಾಣುವ ಪ್ರೀಮಿಯಂ ಅನ್ನು ನಂಬಬೇಡಿ.

ಆರ್ಡರ್ ಹಾಕುವಾಗ ಲಿಮಿಟ್ ಆರ್ಡರ್ ಅನ್ನೇ ಬಳಸಿ. ಮಾರ್ಕೆಟ್ ಆರ್ಡರ್‌ನಲ್ಲಿ ಬೆಲೆಗೆ ಮಿತಿಯೇ ಇರುವುದಿಲ್ಲ. ತೆಳುವಾದ ಇಟಿಎಫ್‌ನಲ್ಲಿ ಒಂದೇ ಖರೀದಿ ಒಂದು ವರ್ಷದ ಖರ್ಚಿನ ಉಳಿತಾಯವನ್ನು ನುಂಗಬಲ್ಲದು. ಮಾರುಕಟ್ಟೆ ತೆರೆದ ಮೊದಲ ನಿಮಿಷಗಳಲ್ಲಿ ಎಲ್ಲ ಷೇರುಗಳ ಬೆಲೆಯೂ ಇನ್ನೂ ನೆಲೆನಿಂತಿರದ ಕಾರಣ ಸ್ಪ್ರೆಡ್ ಅಗಲವಾಗಿರುತ್ತದೆ, ಆ ಹೊತ್ತನ್ನು ಬಿಟ್ಟುಬಿಡುವುದು ಒಳ್ಳೆಯದು.

## ಹಂತ 7: ಎಷ್ಟು ಕಾಲ ಇಟ್ಟುಕೊಂಡರೆ ಲಾಭವೆಂದು ಲೆಕ್ಕ ಹಾಕಿ

ನಮ್ಮ ಉದಾಹರಣೆಯಲ್ಲಿ ಇಟಿಎಫ್‌ನ ವಾರ್ಷಿಕ ಅನುಕೂಲ 0.42ರಿಂದ 0.12 ಕಳೆದು ಶೇ. 0.30. ಸ್ಪ್ರೆಡ್ ಶೇ. 0.20, ದಲ್ಲಾಳಿ ಶುಲ್ಕ ಪ್ರತಿ ಸಲ ಶೇ. 0.05 ಎಂದಿಟ್ಟುಕೊಳ್ಳಿ. ಹೋಗಿಬರುವ ಒಟ್ಟು ವೆಚ್ಚ ಶೇ. 0.30 ಆಗುತ್ತದೆ. ಅದನ್ನು ವಾರ್ಷಿಕ ಅನುಕೂಲದಿಂದ ಭಾಗಿಸಿದರೆ ಒಂದು ವರ್ಷ. ಅದಕ್ಕಿಂತ ಮುಂಚೆ ಮಾರುವವನಿಗೆ ಇಂಡೆಕ್ಸ್ ಫಂಡ್ ಅಗ್ಗ, ಆ ಬಳಿಕ ಮಾರುವವನಿಗೆ ಇಟಿಎಫ್ ಅಗ್ಗ. ಶೇ. 0.30 ಪ್ರೀಮಿಯಂ ಕೊಟ್ಟು ಕೊಂಡು, ಮಾರುವಾಗ ಅದು ಮರಳಿ ಸಿಗದಿದ್ದರೆ ಈ ಅವಧಿ ಎರಡು ವರ್ಷಕ್ಕೆ ಏರುತ್ತದೆ. ಇಂಡೆಕ್ಸ್ ಫಂಡ್ ಹಿಂಪಡೆಯುವಾಗ ನಿರ್ಗಮನ ಶುಲ್ಕ ವಿಧಿಸುತ್ತಿದ್ದರೆ ಅದನ್ನು ಆ ಕಡೆಯ ವೆಚ್ಚಕ್ಕೆ ಸೇರಿಸಿ.

ತಿಂಗಳು ತಿಂಗಳು ಸಣ್ಣ ಮೊತ್ತ ಹೂಡುವವರ ಲೆಕ್ಕವೇ ಬೇರೆ. ದಲ್ಲಾಳಿ ಸಂಸ್ಥೆ ಪ್ರತಿ ಆರ್ಡರ್‌ಗೆ ಒಂದು ಕನಿಷ್ಠ ಶುಲ್ಕ ವಿಧಿಸುತ್ತಿದ್ದು, ಅದು ನಿಮ್ಮ ಕಂತಿನ ಶೇ. 0.50ರಷ್ಟಾದರೆ, ಕೊಳ್ಳುವಾಗಲೇ ಅರ್ಧ ಸ್ಪ್ರೆಡ್ ಸೇರಿ ಶೇ. 0.60 ಹೋಗುತ್ತದೆ. ಕೊನೆಗೆ ಎಲ್ಲವನ್ನೂ ಒಟ್ಟಾಗಿ ಮಾರುವಾಗ ಶೇ. 0.15 ಸೇರಿ 0.75. ಇದನ್ನು ತುಂಬಿಕೊಳ್ಳಲು ಎರಡೂವರೆ ವರ್ಷ ಬೇಕು, ಅದೂ ಪ್ರತಿಯೊಂದು ಕಂತಿಗೂ ಬೇರೆ ಬೇರೆಯಾಗಿ. ಮಾರಾಟಕ್ಕೆ ಮುಂಚಿನ ಎರಡೂವರೆ ವರ್ಷಗಳಲ್ಲಿ ಹೂಡಿದ ಎಲ್ಲ ಕಂತುಗಳೂ ಇಂಡೆಕ್ಸ್ ಫಂಡ್‌ಗಿಂತ ಹಿಂದೆಯೇ ಉಳಿಯುತ್ತವೆ. ಇಂಥ ಹೂಡಿಕೆದಾರರಿಗೆ ಇಂಡೆಕ್ಸ್ ಫಂಡ್ ಅನ್ನೇ ನಾನು ಹೇಳುತ್ತೇನೆ. ಇಟಿಎಫ್ ಬೇಕೇಬೇಕೆಂದರೆ ಕಂತುಗಳನ್ನು ಕೂಡಿಟ್ಟು ವರ್ಷಕ್ಕೆ ಕೆಲವೇ ಸಲ ಕೊಳ್ಳಬಹುದು, ಆದರೆ ಕಾಯುವ ಹಣ ಅಷ್ಟು ಕಾಲ ಮಾರುಕಟ್ಟೆಯ ಹೊರಗೆ ಇರುತ್ತದೆ.

## ಹಂತ 8: ಎಚ್ಚರಿಕೆಯ ಗುರುತುಗಳನ್ನು ವರ್ಷಕ್ಕೊಮ್ಮೆ ನೋಡಿ

ಹಂತ 5ರ ಉಳಿಕೆಯನ್ನು ಪ್ರತಿವರ್ಷ ಬರೆದಿಡಿ. ಖರ್ಚಿನ ಅನುಪಾತ ಬದಲಾಗದೆ ಉಳಿಕೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ, ಫಂಡ್ ಸೂಚ್ಯಂಕದ ಬದಲಾವಣೆಗಳನ್ನು ದುಬಾರಿಯಾಗಿ ಅನುಸರಿಸುತ್ತಿದೆ ಅಥವಾ ಹೆಚ್ಚು ನಗದು ಇಟ್ಟುಕೊಂಡಿದೆ. ಎನ್‌ಎವಿಯ ಟ್ರ್ಯಾಕಿಂಗ್ ಎರರ್ ಒಂದೇ ತಿಂಗಳ ದೊಡ್ಡ ಅಂತರದಿಂದ ಜಿಗಿದಿದ್ದರೆ ಮೊದಲು ಆ ತಿಂಗಳ ದಿನಾಂಕ ಮತ್ತು ಲಾಭಾಂಶದ ಹೊಂದಾಣಿಕೆಯನ್ನು ಪರಿಶೀಲಿಸಿ. ಬಹಳ ಸಲ ದೋಷ ಸ್ಪ್ರೆಡ್‌ಶೀಟ್‌ನಲ್ಲೇ ಇರುತ್ತದೆ. ಸೂಚ್ಯಂಕದ ಎಲ್ಲ ಷೇರುಗಳನ್ನೂ ಕೊಳ್ಳದೆ ಮಾದರಿಯಾಗಿ ಕೆಲವನ್ನಷ್ಟೇ ಇಟ್ಟುಕೊಳ್ಳುವ ಫಂಡ್‌ಗಳಲ್ಲಿ ಟ್ರ್ಯಾಕಿಂಗ್ ಎರರ್ ತುಸು ಹೆಚ್ಚಿರುವುದು ಸಹಜ, ಆದರೆ ಮಾಸಿಕ ಅಂತರಗಳು ಎರಡೂ ದಿಕ್ಕಿಗೆ ಹಂಚಿಹೋಗಿರಬೇಕು, ಒಂದೇ ಕಡೆಗೆ ವಾಲಿರಬಾರದು.

ಇಟಿಎಫ್‌ಗೆ ಮಾತ್ರ ಸಂಬಂಧಿಸಿದ ಗುರುತೊಂದಿದೆ, ಅದು ಎಲ್ಲಕ್ಕಿಂತ ಗಂಭೀರ. ಬೆಲೆ ಎನ್‌ಎವಿಯ ಹತ್ತಿರ ನಿಲ್ಲುವುದು ಭಾಗೀದಾರ ಸಂಸ್ಥೆಗಳು ಯೂನಿಟ್‌ಗಳನ್ನು ಸೃಷ್ಟಿಸಿ, ಹಿಂತಿರುಗಿಸಿ ಲಾಭ ಮಾಡಿಕೊಳ್ಳಲು ಸಾಧ್ಯವಿರುವುದರಿಂದ. ಹೂಡಿಕೆಯ ಮಿತಿ ತಲುಪಿದ್ದಕ್ಕೋ ನಿಯಮದ ಅಡ್ಡಿಗೋ ಹೊಸ ಯೂನಿಟ್‌ಗಳ ಸೃಷ್ಟಿಯನ್ನು ಸಂಸ್ಥೆ ನಿಲ್ಲಿಸಿದರೆ ಪ್ರೀಮಿಯಂಗೆ ತಡೆಯೇ ಇರುವುದಿಲ್ಲ. ಅದು ಹಲವಾರು ಶೇಕಡಾಗಳಿಗೆ ಏರಿ ತಿಂಗಳುಗಟ್ಟಲೆ ಅಲ್ಲಿಯೇ ನಿಲ್ಲಬಹುದು. ಆ ಅವಧಿಯಲ್ಲಿ ಎನ್‌ಎವಿಯ ಟ್ರ್ಯಾಕಿಂಗ್ ಎರರ್ ಎಂದಿನಂತೆ ಚೊಕ್ಕವಾಗಿಯೇ ಕಾಣುತ್ತದೆ. ಪ್ರೀಮಿಯಂ ಒಂದೇ ದಿಕ್ಕಿನಲ್ಲಿ ವಾರಗಟ್ಟಲೆ ಉಳಿದರೆ ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸಿ, ಸೃಷ್ಟಿ ನಡೆಯುತ್ತಿದೆಯೇ ಎಂದು ಫಂಡ್ ಸಂಸ್ಥೆಯ ಪ್ರಕಟಣೆಗಳಲ್ಲಿ ನೋಡಿ. ಸೃಷ್ಟಿ ಮತ್ತೆ ಆರಂಭವಾದಾಗ ಆ ಪ್ರೀಮಿಯಂ ಕುಸಿಯುತ್ತದೆ. ಸೂಚ್ಯಂಕ ಒಂದಿಷ್ಟೂ ಇಳಿಯದಿದ್ದರೂ ಏರಿದ ಬೆಲೆಗೆ ಕೊಂಡವರ ಹಣ ಅಷ್ಟರ ಮಟ್ಟಿಗೆ ಕರಗಿರುತ್ತದೆ.